ಬಾಣಂತಿ ಕೋಣೆಯ ಗ್ರಾಫು

ನಮ್ಮವ್ವ ಬೆಳಗಿನ ಜಾವ ಮೂರು ಗಂಟೆಗೆ ಕದ್ದು ಎದ್ದು ಶೆಗಡಿಗೆ ಕೆಂಡ ಹಾಕುತ್ತಾಳೆ ಎಂದು ನಾನು ಒಂದು ದಿನ ಪೂರ್ತಿ ನಂಬಿದ್ದೆ. ನಂಬಿ ಸುಮ್ಮನಿದ್ದರೆ ಚೆನ್ನಾಗಿತ್ತು. ಕಂಪ್ಯೂಟರಿನಲ್ಲಿ ಗೆರೆ ತೋರಿಸಿ ಅವಳ ಮುಖದ ಮೇಲೇ ಹೇಳಿದೆ. ಓದಿದವರಿಗೆ ಬರುವ ಸಿಟ್ಟಿಗೆ ಒಂದು ಕೆಟ್ಟ ಗುಣವಿದೆ, ಅದು ಸಾಕ್ಷಿಯನ್ನು ಬಗಲಲ್ಲಿಟ್ಟುಕೊಂಡೇ ಬರುತ್ತದೆ.

ನಾನು ಗಂಗಾವತಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಚೊಚ್ಚಲ ಹೆರಿಗೆಗೆಂದು ಕುಷ್ಟಗಿಯ ತವರಿಗೆ ಬಂದಿದ್ದೆ. ಹೆಣ್ಣು ಕೂಸು ಹುಟ್ಟಿತು, ತೊಟ್ಟಿಲ ಕಾರ್ಯವೂ ಮುಗಿಯಿತು. ಐದು ತಿಂಗಳ ಬಾಣಂತನ ಮುಗಿಸಿ ಕಳಿಸುವುದು ನಮ್ಮ ಕಡೆಯ ರೂಢಿ. ಅವ್ವನ ಪಾಲಿಗೆ ಅದು ರೂಢಿಗಿಂತ ಹೆಚ್ಚಿನದು. ಮಗಳನ್ನು ಮೈಕೈ ತುಂಬಿಸಿ, ಮೊಮ್ಮಗಳ ಕೆನ್ನೆ ಉಬ್ಬಿಸಿ, ಓಣಿಯವರೆಲ್ಲ ನೋಡುವ ಹಾಗೆ ಬೀಗರ ಮನೆಗೆ ಕಳಿಸಬೇಕು ಎನ್ನುವುದು ಅವಳ ಎಷ್ಟೋ ವರ್ಷದ ಆಸೆ. ನನ್ನ ಮದುವೆಯಾದ ದಿನದಿಂದಲೇ ಅಂಟಿನುಂಡೆಯ ಅಂಟು ಕೂಡಿಸಿಟ್ಟಿದ್ದಳೇನೋ ಎಂದು ನನಗೆ ಅನುಮಾನ.

ನಮ್ಮಿಬ್ಬರನ್ನು ಇಟ್ಟದ್ದು ಹಿತ್ತಲ ಕಡೆಯ ಕೋಣೆಯಲ್ಲಿ. ಬಾಣಂತಿಗೆ ಗಾಳಿ ಸೋಕಬಾರದೆಂದು ಕಿಟಕಿಗೆ ಹಳೆಯ ಕೌದಿ ಕಟ್ಟಿದ್ದರು. ಗೋಡೆಯ ಮೇಲ್ಗಡೆ ಸೂರಿನ ಹತ್ತಿರ ಒಂದು ಗವಾಕ್ಷಿ ಇತ್ತು, ಅದಕ್ಕೂ ರಟ್ಟು ಬಡಿದಿದ್ದರು. ಫ್ಯಾನಿನ ಬಟನ್ನಿಗೆ ಅವ್ವ ಅಂಟುಪಟ್ಟಿ ಹಚ್ಚಿದ್ದಳು. ನನ್ನ ಕಿವಿಗೆ ಅರಿವೆ, ಕೂಸಿನ ತಲೆಗೆ ಕುಲಾಯಿ, ಮೈಗೆ ಕುಂಚಿಗೆ. ದಿನಕ್ಕೆರಡು ಸಲ, ಬೆಳಿಗ್ಗೆ ನೀರು ಎರಕೊಂಡ ಮೇಲೆ ಮತ್ತು ಸಂಜೆ ದೀಪ ಹಚ್ಚಿದ ಮೇಲೆ, ಅವ್ವ ಕಬ್ಬಿಣದ ಶೆಗಡಿಯಲ್ಲಿ ಕೆಂಡ ತಂದು ಮಂಚದ ಹತ್ತಿರ ಇಡುತ್ತಿದ್ದಳು. ಅಂಗೈ ಕಾಸಿ ಕೂಸಿನ ಹೊಟ್ಟೆ ಮುಟ್ಟುತ್ತಿದ್ದಳು. ಚಳಿಗಾಲದ ಕೊನೆಯ ಆ ದಿನಗಳಲ್ಲಿ ಅದು ನಿಜಕ್ಕೂ ಸುಖವಾಗಿತ್ತು. ನಾನೂ ಕೈ ಚಾಚಿ ಕಾಸಿಕೊಳ್ಳುತ್ತಿದ್ದೆ.

ಯುಗಾದಿ ಕಳೆಯುತ್ತಿದ್ದಂತೆ ಬಿಸಿಲು ಏರಿತು. ಕೂಸಿಗೆ ತ್ರಾಸು ಶುರುವಾಯಿತು. ಹಗಲೆಲ್ಲ ಚೆನ್ನಾಗಿಯೇ ಇರುವಳು, ಹಾಲು ಕುಡಿಯುವಳು, ಕೈಕಾಲು ಆಡಿಸುವಳು. ಕತ್ತಲಾಗುತ್ತಿದ್ದಂತೆ ಮುಖ ಕೆಂಪಾಗುತ್ತಿತ್ತು, ಮೈ ಕಾಯುತ್ತಿತ್ತು. ಕೊರಳ ಸಂದಿಯಲ್ಲಿ ಬೆವರುಗುಳ್ಳೆ ಎದ್ದವು. ಎದೆಗೆ ಹಿಡಿದರೆ ಎರಡು ಗುಟುಕು ಕುಡಿದು ಮುಖ ತಿರುಗಿಸಿ ಅಳುವಳು. ಮಕ್ಕಳ ಡಾಕ್ಟರ ಬಳಿ ಓಡಿದೆವು. ಅವರು ರಕ್ತ ಪರೀಕ್ಷೆ ಮಾಡಿಸಿದರು, ಸೋಂಕು ಏನೂ ಕಾಣಲಿಲ್ಲ. ಕುಂಚಿಗೆ ಕುಲಾಯಿ ತೆಗೆಸಿ ತಮ್ಮ ತಂಪು ಕೋಣೆಯಲ್ಲಿ ಸ್ವಲ್ಪ ಹೊತ್ತು ಮಲಗಿಸಿಕೊಂಡರು. ಮೈ ತಾನಾಗಿಯೇ ತಣ್ಣಗಾಯಿತು.

"ಇದು ಕೂಸಿನ ರೋಗ ಅಲ್ಲ, ನಿಮ್ಮ ಕೋಣೀದು" ಎಂದರು ಡಾಕ್ಟರು. ಇಷ್ಟು ಸಣ್ಣ ಕೂಸಿಗೆ ಸೆಕೆ ತಡೆಯುವ ಶಕ್ತಿ ಇರುವುದಿಲ್ಲ, ತೆಳ್ಳಗಿನ ಅರಿವೆ ಹಾಕಿರಿ, ಹೊಗೆಯಂತೂ ಬೇಡವೇ ಬೇಡ, ಕೋಣೆ ತಂಪು ಮಾಡಿರಿ ಎಂದು ಹೇಳಿ, ಮತ್ತೆ ಮೈ ಕಾದರೆ ತಡಮಾಡದೆ ಕರೆದುಕೊಂಡು ಬನ್ನಿ, ದಾಖಲು ಮಾಡಿಕೊಂಡು ನೋಡಬೇಕಾಗುತ್ತದೆ ಎಂದು ಎಚ್ಚರಿಸಿದರು. ಹೊಗೆಯಿಲ್ಲದ ಕೆಂಡದಿಂದ ಏನಾಗುತ್ತದೆ ಎಂದು ಅವ್ವ ಶೆಗಡಿ ಬಿಡಲಿಲ್ಲ, ಕುಂಚಿಗೆ ಮಾತ್ರ ಮಡಚಿ ಟ್ರಂಕಿಗೆ ಹಾಕಿದಳು. ಅಷ್ಟು ಮಾಡಿದ್ದಕ್ಕೆ ಮೈ ಜ್ವರದ ಮಟ್ಟಕ್ಕೆ ಕಾಯುವುದು ನಿಂತಿತು. ಆದರೆ ಕತ್ತಲಾದ ಮೇಲಿನ ಅಳು, ಕೆಂಪು, ಹಾಲು ಬಿಡುವುದು ಹಾಗೇ ಉಳಿಯಿತು. ಅವಳನ್ನು ಪಡಸಾಲೆಗೆ ಎತ್ತಿಕೊಂಡು ಬಂದರೆ ಸ್ವಲ್ಪ ಸಮಾಧಾನ. ಆದರೆ ಪಡಸಾಲೆ ಎಂದರೆ ಅಪ್ಪನ ಗಿರಾಕಿಗಳು ಬಂದು ಕೂರುವ ಜಾಗ. ಅಲ್ಲಿ ಬಾಣಂತಿ ಎಷ್ಟು ಹೊತ್ತು ಕೂತಾಳು?

ಸುದ್ದಿ ಗಂಗಾವತಿಗೆ ಮುಟ್ಟಿತು. ಅತ್ತೆಯದು ಮೆದುವಾದ ಮಾತು, ಗಟ್ಟಿಯಾದ ತೀರ್ಮಾನ. ನಮ್ಮ ಕಡೆ ಕಾಲುವೆ ಇದೆ, ಸುತ್ತ ಗದ್ದೆಯ ಹಸಿರಿದೆ, ಕುಷ್ಟಗಿಯ ಬಿಸಿಲು ಇಲ್ಲಿಲ್ಲ ಎಂದು ಫೋನಿನಲ್ಲಿ ಹೇಳಿದರು. ಕೊನೆಗೆ, "ಅಮಾಸಿ ಮುಗದ ಮರುದಿನ ನಾ ಬರ್ತೀನಿ. ಕ್ವಾಣಿ ಹಂಗ ಇದ್ರ ಕೂಸಿನ್ನೂ ನಿನ್ನೂ ಕರಕೊಂಡ ಬರ್ತೀನವಾ" ಎಂದರು. ಅಮಾವಾಸ್ಯೆಗೆ ಹತ್ತು ದಿನವೂ ಇರಲಿಲ್ಲ.

ಅದನ್ನು ಕೇಳಿದ ಅವ್ವ ಅಡುಗೆಮನೆಗೆ ಹೋಗಿ ಬಾಣಂತನಕ್ಕೆಂದು ಮಾಡಿಟ್ಟ ಅಳ್ಳಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದಳು. ಎರಡನೇ ತಿಂಗಳಿಗೇ ಬಾಣಂತಿಯನ್ನು ಗಂಡನ ಮನೆಯವರು ಕರೆದುಕೊಂಡು ಹೋದರೆಂದರೆ ಜನ ಏನನ್ನುತ್ತಾರೆ ಎಂದು ಹೇಳಬೇಕಾಗಿರಲಿಲ್ಲ. ತವರಿನಲ್ಲಿ ಸರಿ ನೋಡಿಕೊಳ್ಳಲಿಲ್ಲ ಎನ್ನುತ್ತಾರೆ. ನನಗೂ ಹೋಗಲು ಮನಸ್ಸಿರಲಿಲ್ಲ. ಅತ್ತೆ ಒಳ್ಳೆಯವರೇ, ಆದರೆ ಅತ್ತೆಯ ಮನೆಯಲ್ಲಿ ಸೊಸೆ ಹಗಲು ಮಲಗಲು ಆಗುತ್ತದೆಯೇ? ನನಗೆ ನಿದ್ದೆ ಬೇಕಿತ್ತು, ಅವ್ವ ಬೇಕಿದ್ದಳು. ಅಷ್ಟೇ ಸರಳ.

ಕೋಣೆ ಯಾಕೆ ಕಾಯುತ್ತದೆ ಎನ್ನುವುದಕ್ಕೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ರಾಗ. ಅಪ್ಪನಿಗೆ ಬೀಜ ಗೊಬ್ಬರದ ಅಂಗಡಿ ಇದೆ. ಬೆಳೆಗೆ ಬಂದ ಬೇನೆಯನ್ನು ಎಲೆ ನೋಡಿಯೇ ಹೇಳುವ ಅವರು ಇಲ್ಲಿಯೂ ತಡಮಾಡಲಿಲ್ಲ. ಬೇಸಿಗೆಯಲ್ಲಿ ಕೆಂಡ ಇಟ್ಟರೆ ಕೋಣೆ ಕಾಯದೆ ಮಂಜು ಬೀಳುತ್ತದೆಯೇ ಎಂದರು. ಅವ್ವ, ಕುಷ್ಟಗಿಯಲ್ಲಿ ಬಿಸಿಲು ಹೊಸದಲ್ಲ, ನಾನೂ ಇದೇ ಊರಲ್ಲಿ ಹಡೆದವಳು, ಕೆಂಡ ಇಟ್ಟೇ ಸಾಕಿದ್ದೇನೆ ಎಂದಳು. ನನ್ನ ಗಂಡ ಗಂಗಾವತಿಯಿಂದ ಎ.ಸಿ. ಕಳಿಸುವ ಮಾತಾಡಿದರು. ಬಾಣಂತಿ ಕೋಣೆಗೆ ಎ.ಸಿ. ಎಂದ ಕೂಡಲೇ ಅವ್ವ ಎರಡೂ ಕೈ ಕಿವಿಗೆ ಒಯ್ದಳು. ನಾನು ಒಳಗೊಳಗೇ ಅಪ್ಪನ ಪಕ್ಷ.

ಆದರೆ ಪಕ್ಷ ಕಟ್ಟುವುದಕ್ಕಿಂತ ಅಳೆಯುವುದು ಮೇಲು ಎಂದು ಮಕ್ಕಳಿಗೆ ಪಾಠ ಹೇಳುವವಳು ನಾನೇ ಅಲ್ಲವೇ? ಗಂಡನಿಗೆ ಹೇಳಿ ನನ್ನ ಡಬ್ಬಿ ತರಿಸಿಕೊಂಡೆ. ಅದರಲ್ಲಿ ಬೆರಳುದ್ದದ ಸಣ್ಣ ವೈಫೈ ಬೋರ್ಡುಗಳು ಮತ್ತು ಉಷ್ಣತೆ ಅಳೆಯುವ ಸೆನ್ಸರುಗಳಿದ್ದವು. ಬೋರ್ಡು ತಾನೂ ಕೊಂಚ ಬಿಸಿಯಾಗುವುದರಿಂದ ಸೆನ್ಸರನ್ನು ಉದ್ದ ವೈರಿನ ತುದಿಗೆ ಕಟ್ಟಿ, ಶೆಗಡಿಯ ನೇರ ಕಾವು ತಾಗದ ಹಾಗೆ, ಕೂಸಿನ ತಲೆದೆಸೆಯ ಎತ್ತರಕ್ಕೆ ತೂಗಿಬಿಟ್ಟೆ. ಐದೈದು ನಿಮಿಷಕ್ಕೊಮ್ಮೆ ಅದು ಓದಿದ ಅಂಕಿಯನ್ನು ಪಡಸಾಲೆಯ ಹಳೆಯ ಲ್ಯಾಪ್‌ಟಾಪಿಗೆ ಕಳಿಸುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಒಂದೇ ಫೈಲಿನ ಸಣ್ಣ ಡೇಟಾಬೇಸು, ಅದರಲ್ಲಿ ಒಂದೇ ಪಟ್ಟಿ: ಯಾವ ಹೊತ್ತು, ಯಾವ ಜಾಗ, ಎಷ್ಟು ಡಿಗ್ರಿ. ಹೊತ್ತನ್ನು ನಾನು ಬರೆಯುವ ಗೋಜಿಗೆ ಹೋಗಲಿಲ್ಲ, ಸಾಲು ಸೇರಿದಾಗ ಡೇಟಾಬೇಸೇ ತಾನಾಗಿ ಹಾಕಿಕೊಳ್ಳಲಿ ಎಂದು ಬಿಟ್ಟೆ. ಆ ಅಂಕಿಗಳನ್ನೆಲ್ಲ ಗೆರೆಯಾಗಿ ಬರೆಯುವ ನಾಲ್ಕು ಸಾಲಿನ ಪ್ರೋಗ್ರಾಮನ್ನು ಕೂಸು ಮಲಗಿದ್ದಾಗ ಒಂದೇ ಕೈಯಲ್ಲಿ ಬರೆದೆ. ಅವ್ವ ನೋಡಿ, ಬಾಣಂತಿ ಕಣ್ಣಿಗೆ ಇದೆಲ್ಲ ಒಳ್ಳೆಯದಲ್ಲ ಎಂದಳು.

ಎರಡು ದಿನ ಬಿಟ್ಟು ಬೆಳಿಗ್ಗೆ ಹತ್ತರ ಸುಮಾರಿಗೆ ಗ್ರಾಫು ತೆರೆದೆ. ಗೆರೆ ನಸುಕಿನ ನಾಲ್ಕೂವರೆಗೇ ನಿಂತುಹೋಗಿತ್ತು. ಕರೆಂಟು ಹೋಗಿರಬೇಕು ಅಂದುಕೊಂಡೆ, ನಮ್ಮೂರಲ್ಲಿ ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಉಳಿದದ್ದು ಸ್ಪಷ್ಟವಾಗಿತ್ತು. ಮಧ್ಯಾಹ್ನ ಎರಡೂವರೆಗೆ ತುದಿ ಮುಟ್ಟುವ ಒಂದು ದೊಡ್ಡ ದಿಬ್ಬ, ಮೂವತ್ತಾರು ಡಿಗ್ರಿ. ಅದು ಬಿಸಿಲಿನ ಹೊತ್ತು, ಸಹಜ ಎಂದು ಬಿಟ್ಟೆ. ಕಣ್ಣಿಗೆ ಬಿದ್ದದ್ದು ಎರಡು ಸಣ್ಣ ಗುಬುಟು, ಗೆರೆಯ ಮೇಲಿನ ಉಬ್ಬುಗಳು. ಒಂದು ಮಧ್ಯಾಹ್ನ ಒಂದು ಗಂಟೆಗೆ, ದಿಬ್ಬದ ಏರಿನ ಮೇಲೆ. ಇನ್ನೊಂದು ನಡುರಾತ್ರಿ ಕಳೆದು ಮೂರು ಗಂಟೆಗೆ. ಎರಡೂ ದಿನ ಅದೇ ಹೊತ್ತಿಗೆ. ಝಟ್ಟನೆ ಏರಿ ನಿಧಾನ ಇಳಿಯುವ ಆ ಆಕಾರ ಕೆಂಡದ್ದಲ್ಲದೆ ಬೇರೆ ಯಾವುದರದ್ದೂ ಅಲ್ಲ.

ನನ್ನ ಸಿಟ್ಟು ನೆತ್ತಿಗೇರಿತು. ಮನೆಯವರೆಲ್ಲ ಮಲಗಿದ್ದಾಗ ಈಕೆ ಎದ್ದು ಕೋಣೆಗೆ ಕೆಂಡ ತರುತ್ತಿದ್ದಾಳೆ! ಅವ್ವನನ್ನು ಕರೆದು ಲ್ಯಾಪ್‌ಟಾಪಿನ ಮುಂದೆ ಕೂರಿಸಿ ಬೆರಳಿಟ್ಟು ತೋರಿಸಿದೆ.

ಅವಳು ಗೆರೆ ನೋಡಲಿಲ್ಲ, ನನ್ನ ಮುಖ ನೋಡಿದಳು. "ನಾ ಮೂರ ಗಂಟೇಕ ಎದ್ದು ನಿನ್ನ ಕೂಸಿನ್ನ ಸುಡಾಕ ಬರ್ತೀನೇನು?" ಎಂದಳು.

ಹಾಗೆ ಅಂದಿಲ್ಲ ಎಂದು ನಾನು ಏನೇನೋ ತಡಬಡಿಸಿದೆ. ಅವಳು ಎದ್ದು ಹೋಗಿ ಶೆಗಡಿಯನ್ನು ಹಿತ್ತಲಿಗೆ ಒಯ್ದು ಬೋರಲು ಹಾಕಿ ಬಂದಳು. ಆಮೇಲೆ ನನ್ನೊಂದಿಗೆ ಮಾತು ಬಂದ್. ಊಟ ಬರುತ್ತಿತ್ತು, ಮೆಣಸಿನ ಸಾರು ಬರುತ್ತಿತ್ತು, ತುಪ್ಪ ಎಂದಿಗಿಂತ ಒಂದು ಚಮಚ ಹೆಚ್ಚೇ ಬೀಳುತ್ತಿತ್ತು. ಮಾತು ಮಾತ್ರ ಕೂಸಿನ ಮುಖಾಂತರ. "ನಿಮ್ಮವ್ವಗ ಹೇಳವಾ, ಎರಕೊಳ್ಳಾಕ ನೀರು ಕಾದಾವು ಅಂತ." ಎರಡು ತಿಂಗಳು ತುಂಬದ ಕೂಸು ನನಗೆ ಅದನ್ನು ಹೇಗೆ ಹೇಳೀತು ಎಂದು ಅವಳಿಗೂ ಚಿಂತೆಯಿಲ್ಲ. ಅಪ್ಪ ಮಾತ್ರ ಖುಷಿಯಾಗಿದ್ದರು. ಗೆರೆಗಳ ಮೇಲೆ ಅವರಿಗೆ ದಿಢೀರನೆ ಭಾರೀ ಗೌರವ ಬಂದಿತ್ತು.

ಮರುದಿನ ಸಂಜೆ ದೀಪ ಹಚ್ಚಿ ಸ್ವಲ್ಪ ಹೊತ್ತಾಗಿತ್ತು. ಕೆಂಡ ಇಲ್ಲದ ಕೋಣೆ, ಆದರೂ ನನ್ನ ಬೆನ್ನಿನ ಮೇಲೆ ಬೆವರು ಇಳಿಯುತ್ತಿತ್ತು. ಕೂಸು ರಂಪ ತೆಗೆದಿತ್ತು. ಅವಳನ್ನು ಹೆಗಲಿಗೆ ಹಾಕಿಕೊಂಡು ಪಡಸಾಲೆಗೆ ಬಂದು, ಈಗ ಎಷ್ಟಿದೆ ನೋಡೋಣ ಎಂದು ಡೇಟಾಬೇಸಿನ ಕೊನೆಯ ಸಾಲು ತೆರೆದೆ. ಮೂವತ್ತಾರು ಡಿಗ್ರಿ. ಅದರ ಪಕ್ಕದಲ್ಲಿ ಹೊತ್ತು: ಮಧ್ಯಾಹ್ನ ಎರಡೂವರೆ.

ಹೊರಗೆ ಕತ್ತಲು. ಗೋಡೆ ಗಡಿಯಾರದಲ್ಲಿ ಎಂಟು. 

ಪ್ರತಿ ವರ್ಷ ತರಗತಿಯಲ್ಲಿ ನಾನೇ ಹೇಳುವ ಮಾತು ಅದು. ಈ ಡೇಟಾಬೇಸು ತಾನಾಗಿ ಹಾಕುವ ಹೊತ್ತು ನಮ್ಮ ಗಡಿಯಾರದ್ದಲ್ಲ, ಗ್ರೀನ್‌ವಿಚ್ಚಿನದು, ನಮಗಿಂತ ಐದೂವರೆ ತಾಸು ಹಿಂದೆ. ಹಾಗೆ ಇಡುವುದು ತಪ್ಪೇನಲ್ಲ, ಗೆರೆ ಎಳೆಯುವಾಗ ನಮ್ಮ ಹೊತ್ತಿಗೆ ಬದಲಿಸಿಕೊಳ್ಳಬೇಕು. ಮಕ್ಕಳ ಪೇಪರಿನಲ್ಲಿ ಇದಕ್ಕೆ ನಾನು ಅಂಕ ಕತ್ತರಿಸಿದ್ದೇನೆ. ಬಾಣಂತಿ ಬುದ್ಧಿ ಎನ್ನಿ, ನಿದ್ದೆಗೆಟ್ಟದ್ದು ಎನ್ನಿ, ನನ್ನ ಗೆರೆಯಲ್ಲಿ ಮರೆತುಬಿಟ್ಟಿದ್ದೆ. ಹಿಂದಿನ ದಿನ ಬೆಳಿಗ್ಗೆ ಗೆರೆ ನಾಲ್ಕೂವರೆಗೆ ನಿಂತದ್ದು ಕರೆಂಟಿನ ತಪ್ಪಲ್ಲ, ಅದು ನಾನು ಗ್ರಾಫು ತೆರೆದ ಹತ್ತು ಗಂಟೆಯೇ. ಮೂರು ಗಂಟೆಯ ಗುಬುಟು ಎಂದರೆ ಬೆಳಿಗ್ಗೆ ಎಂಟೂವರೆ, ಅವ್ವ ಎಲ್ಲರೆದುರೇ ಇಡುವ ಕೆಂಡ. ಒಂದು ಗಂಟೆಯದು ಸಂಜೆ ಆರೂವರೆಯ ಕೆಂಡ. ಕದ್ದ ಕೆಂಡ ಎಲ್ಲೂ ಇರಲಿಲ್ಲ, ಎದುರಿಗಿಟ್ಟ ಕೆಂಡದ ಗುಬುಟು ಗೆರೆಯಲ್ಲಿ ಯಾಕಿಲ್ಲ ಎಂದು ನಾನು ಕೇಳಿಕೊಂಡೇ ಇರಲಿಲ್ಲ.

ನಾಚಿಕೆಯೂ ಆಯಿತು, ನಗುವೂ ಬಂತು. ಎಲ್ಲಕ್ಕಿಂತ ಹೆಚ್ಚಾಗಿ ಎದೆಯ ಮೇಲಿನ ಕಲ್ಲು ಸರಿದಂತಾಯಿತು, ಅವ್ವನ ಮೇಲೆ ಅನುಮಾನ ಇಟ್ಟುಕೊಂಡು ಅವಳ ಕೈಯ ಸಾರು ಕುಡಿಯುವುದು ಸುಲಭವಲ್ಲ. ಅಡುಗೆಮನೆಗೆ ಹೋಗಿ, ತಪ್ಪು ನನ್ನದು, ಯಂತ್ರ ಇಂಗ್ಲೆಂಡಿನ ಹೊತ್ತು ಬರೆದಿತ್ತು ಎಂದು ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಕುಷ್ಟಗ್ಯಾಗ ಕುಂತು ಇಂಗ್ಲೆಂಡಿನ ಗಡಿಯಾರ ನೋಡಿದ್ರ ನಿಮ್ಮವ್ವ ಕಳ್ಳಿ ಹಂಗ ಕಾಣ್ತಾಳ" ಎಂದಳು. ಆದರೆ ಮಾತು ಈ ಸಲ ಕೂಸಿಗಲ್ಲ, ನನಗೇ ಹೇಳಿದ್ದಳು.

ಹೊತ್ತು ಸರಿಪಡಿಸಿ ಗೆರೆ ಮತ್ತೆ ಎಳೆದಾಗ ಕತೆಯೇ ಬೇರೆಯಾಯಿತು. ಕೋಣೆ ಹೆಚ್ಚು ಕಾಯುವುದು ಮಟಮಟ ಮಧ್ಯಾಹ್ನ ಅಲ್ಲ, ಹೊತ್ತು ಮುಳುಗಿದ ಮೇಲೆ. ಸಂಜೆ ಪೂರ್ತಿ ಏರಿ ಎಂಟರ ಸುಮಾರಿಗೆ ತುದಿ ಮುಟ್ಟುತ್ತಿತ್ತು, ಕೂಸು ಅಳುವುದೂ ಅದೇ ಹೊತ್ತಿಗೆ. ಕೆಂಡದ ಗುಬುಟು ಒಂದು ಡಿಗ್ರಿಯೂ ಇರಲಿಲ್ಲ, ಅರ್ಧ ತಾಸಿನಲ್ಲಿ ಕರಗುತ್ತಿತ್ತು. ಅವ್ವ ಸಿಟ್ಟಿನಿಂದ ಕೆಂಡ ನಿಲ್ಲಿಸಿದ ದಿನದ ಗೆರೆಯಲ್ಲಿ ಗುಬುಟುಗಳು ಮಾಯವಾಗಿದ್ದವು, ದೊಡ್ಡ ದಿಬ್ಬ ಮಾತ್ರ ಕೂದಲೆಳೆಯಷ್ಟೂ ತಗ್ಗಿರಲಿಲ್ಲ. ಅವಳ ಸಿಟ್ಟು ನನಗೆ ಗೊತ್ತಿಲ್ಲದೆಯೇ ಒಂದು ಒಳ್ಳೆಯ ಪರೀಕ್ಷೆ ಮಾಡಿಕೊಟ್ಟಿತ್ತು. ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಒರೆಸಿಕೊಂಡು, ಗೆರೆಯನ್ನು ಅಷ್ಟು ನಂಬಬಾರದು ಎಂದರು.

ಹಾಗಾದರೆ ಕತ್ತಲಲ್ಲಿ ಕಾವು ಎಲ್ಲಿಂದ ಬರುತ್ತದೆ? ಹಗಲು ಬಿಸಿಲು ಕುಡಿದು ಸಂಜೆ ಒಳಗೆ ಬಿಡುವ ವಸ್ತು ಎಂದರೆ ಗೋಡೆ ಅಥವಾ ಮಾಳಿಗೆ. ಉಳಿದ ಸೆನ್ಸರುಗಳನ್ನು ಹಂಚಿದೆ. ಒಂದು ಪಡಸಾಲೆಗೆ, ಒಂದು ಹೊರಗೆ ಬಡಗಣ ಗೋಡೆಯ ನೆರಳಿಗೆ. ಅಪ್ಪನನ್ನು ಏಣಿ ಹತ್ತಿಸಿ ಕೋಣೆಯ ಸೂರಿಗೂ ಪಡಸಾಲೆಯ ಸೂರಿಗೂ ಒಳಗಡೆಯಿಂದ ಒಂದೊಂದು ಅಂಟಿಸಿ, ಅದರ ಮೇಲೆ ಹತ್ತಿಯ ಉಂಡೆ ಒತ್ತಿ ಅಂಟುಪಟ್ಟಿ ಹಾಕಿಸಿದೆ. ಆಗ ಅದು ಗಾಳಿಯನ್ನಲ್ಲ, ಸೂರನ್ನೇ ಅಳೆಯುತ್ತದೆ. ಮನೆ ಹಳೆಯದು, ಮಾಳಿಗೆಯ ಕಾಂಕ್ರೀಟಿನ ಮೇಲೆ ದಪ್ಪಗೆ ಗಚ್ಚು ಹಾಕಿದ್ದಾರೆ. ಕಾವು ಇಳಿದು ಬರಲು ತಾಸುಗಟ್ಟಲೆ ಬೇಕು.

ಮರುದಿನದ ಗೆರೆಗಳು ಐದು ಬಣ್ಣದಲ್ಲಿ ಬಂದವು. ಹೊರಗಿನ ಗಾಳಿಯ ಗೆರೆ ಮಧ್ಯಾಹ್ನ ಏರಿ ಹೊತ್ತು ಮುಳುಗುವಾಗ ಇಳಿಯತೊಡಗಿತ್ತು. ಕೋಣೆಯ ಸೂರಿನ ಗೆರೆ ಅದಕ್ಕೆ ಉಲ್ಟಾ, ಸಂಜೆಯವರೆಗೂ ಏರುತ್ತಲೇ ಇದ್ದು ಏಳರ ಹೊತ್ತಿಗೆ ನಲವತ್ತೊಂದು ಮುಟ್ಟಿತ್ತು. ಕೋಣೆಯ ಗಾಳಿ ಅದರ ಹಿಂದೆಯೇ, ಸ್ವಲ್ಪ ತಡವಾಗಿ, ಎಂಟಕ್ಕೆ. ಕಾವು ತಲೆಯ ಮೇಲಿಂದ ಇಳಿಯುತ್ತಿದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಪಡಸಾಲೆಯ ಸೂರು ಮೂವತ್ತಾರೂ ದಾಟಿರಲಿಲ್ಲ. ಅದೇ ಮಾಳಿಗೆ, ಅದೇ ಗಚ್ಚು, ಅದೇ ಬಿಸಿಲು. ನಡುವೆ ಒಂದು ಗೋಡೆ ಅಷ್ಟೇ. ಹಾಗಿದ್ದರೆ ಮಾಳಿಗೆಯ ಮೇಲೆ ನಮ್ಮ ಕೋಣೆಯ ಪಾಲಿಗೆ ಏನೋ ಬೇರೆಯಿದೆ.

ಬಾಣಂತಿ ಮಾಳಿಗೆ ಹತ್ತುವುದು ಅವ್ವನ ರಾಜ್ಯದಲ್ಲಿ ನಡೆಯುವ ಮಾತಲ್ಲ. ಅಪ್ಪನನ್ನೇ ಕಳಿಸಿದೆ. ಮೇಲೆ ಅವರ ಹೆಜ್ಜೆ ಆ ಕಡೆಯಿಂದ ಈ ಕಡೆ ಓಡಾಡಿತು. "ಏನೂ ಇಲ್ಲವಾ, ಎಲ್ಲಾ ಸರಿ ಐತಿ" ಎಂದು ಅಲ್ಲಿಂದಲೇ ಕೂಗಿದರು. ಇನ್ನೊಮ್ಮೆ ನೋಡಿ ಎಂದೆ. ಮತ್ತೆ ಅದೇ ಉತ್ತರ. ಒಂದು ಫೋಟೋ ತೆಗೆದುಕೊಂಡು ಇಳಿದು ಬನ್ನಿ ಎಂದೆ.

ಫೋಟೋದಲ್ಲಿ ಪಡಸಾಲೆಯ ಮೇಲಿನ ಅರ್ಧ ಮಾಳಿಗೆ ಸುಣ್ಣ ಬಳಿದು ಬೆಳ್ಳಗಿತ್ತು. ನಮ್ಮ ಕೋಣೆಯ ಮೇಲಿನ ಅರ್ಧ ಕಪ್ಪಗಿತ್ತು. ಅಂಚಿನ ಸುತ್ತ ಕಲ್ಲು ಹೇರಿ, ಸುಕ್ಕಿಲ್ಲದ ಹಾಗೆ ಎಳೆದು ಹಾಸಿದ ಕಪ್ಪು ಪ್ಲಾಸ್ಟಿಕ್ ಹಾಳೆ.

ಅವ್ವ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಅಪ್ಪ ತಲೆ ಕೆರೆದುಕೊಂಡರು. ಹೋದ ಮಳೆಗಾಲದಲ್ಲಿ ಆ ಕೋಣೆಯ ಮೂಲೆ ಸೋರಿತ್ತಂತೆ. ಮಗಳು ಕೂಸು ಅಲ್ಲೇ ಮಲಗುವವರು, ಬೇಸಿಗೆಯಲ್ಲಿ ಒಂದು ಅಡ್ಡಮಳೆ ಬಂದರೂ ಕೂಸಿನ ಮೇಲೆ ಹನಿ ಬಿದ್ದೀತು ಎಂದು, ನಾನು ಆಸ್ಪತ್ರೆಯಲ್ಲಿದ್ದಾಗ ಅಂಗಡಿಯಿಂದ ಮಲ್ಚಿಂಗ್ ಹಾಳೆ ತಂದು ಎರಡು ಪದರು ಹಾಸಿದ್ದರಂತೆ. ಕಲ್ಲಂಗಡಿ, ಟೊಮೆಟೊ ಸಾಲುಗಳಿಗೆ ರೈತರು ಹಾಸುತ್ತಾರಲ್ಲ, ಅದೇ ಹಾಳೆ. ಅದಕ್ಕೆ ಒಂದು ಮೈ ಕಪ್ಪು, ಇನ್ನೊಂದು ಮೈ ಬೆಳ್ಳಿ ಬಣ್ಣ. ತಾವೇ ಹಾಸಿದ್ದರಿಂದ ಅವರ ಕಣ್ಣಿಗೆ ಅದು ಮಾಳಿಗೆಯಷ್ಟೇ ಸಹಜವಾಗಿತ್ತು. ಎರಡು ಸಲ ಅದರ ಮೇಲೆಯೇ ನಡೆದಾಡಿ ಏನೂ ಇಲ್ಲ ಎಂದು ಕೂಗಿದ್ದರು.

ತಮಾಷೆ ಇರುವುದು ಇಲ್ಲಿ. ಬೆಳ್ಳಿ ಮೈ ಮೇಲೆ ಮಾಡಿ ಹಾಸಿರಿ, ಬಿಸಿಲು ವಾಪಸ್ಸು ಹೋಗುತ್ತದೆ, ಕಪ್ಪು ಮೇಲೆ ಮಾಡಿದರೆ ಬೇರು ಬೆಂದುಹೋಗುತ್ತದೆ ಎಂದು ಅಪ್ಪ ಬೇಸಿಗೆ ಬಿತ್ತನೆಗೆ ಬರುವ ಗಿರಾಕಿಗಳಿಗೆಲ್ಲ ಹೇಳಿ ಕಳಿಸುವುದನ್ನು ನಾನು ಚಿಕ್ಕವಳಿದ್ದಾಗಿನಿಂದ ಕೇಳಿದ್ದೇನೆ. ಮನೆಯ ಮೇಲೆ ಮಾತ್ರ ಕಪ್ಪು ಮೇಲೆ. ಯಾಕೆ ಎಂದು ಕೇಳಿದರೆ, ಬೆಳ್ಳಿ ಮೈ ಹೊಳೆದು ಹಿಂದಿನ ಮಹಡಿ ಮನೆಯವರ ಕಣ್ಣು ಕುಕ್ಕುತ್ತದೆ, ಸುಮ್ಮನೆ ಜಗಳ ಯಾಕೆ ಎಂದು ಮಗುಚಿದರಂತೆ.

ಅವ್ವ ಅಪ್ಪನ ಕಡೆ ತಿರುಗಿದಳು. ಇಷ್ಟು ದಿನ ಕೆಂಡ ಕೆಂಡ ಎಂದು ಅವಳನ್ನು ಅರೆದವರು ಇವರೇ. ಬಿಡುವ ಹೆಂಗಸಲ್ಲ, ಇಂದು ಅಪ್ಪನ ಗ್ರಹಚಾರ ಕೆಟ್ಟಿತು ಎಂದು ನಾನು ಕಾದೆ. ಅವಳು, "ಹೊಲದಾಗಿನ ಸಸಿಗಿದ್ದ ಶ್ಯಾಣ್ಯಾತನ ಮನ್ಯಾಗಿನ ಕೂಸಿಗೆ ಬರಲಿಲ್ಲೇನ್ರಿ" ಎಂದಷ್ಟೇ ಹೇಳಿ ನೀರಿನ ತಂಬಿಗೆ ತಂದುಕೊಟ್ಟಳು. ಬಿಸಿಲಲ್ಲಿ ಎರಡು ಸಲ ಹತ್ತಿ ಇಳಿದು ಅವರ ಮುಖ ಬಾಡಿತ್ತು. ಹನಿ ಬೀಳಬಾರದೆಂದು ಒಬ್ಬರು, ಗಾಳಿ ಸೋಕಬಾರದೆಂದು ಒಬ್ಬರು, ಇಬ್ಬರೂ ಸೇರಿ ನಮ್ಮನ್ನು ಎಂಥ ಪ್ರೀತಿಯಿಂದ ಬೇಯಿಸಿದ್ದರು! ಅವರಿಬ್ಬರ ಮೇಲೆ ನನಗೆ ಉಕ್ಕಿ ಬಂದ ಮಮತೆಯನ್ನು ಹೇಳಲಾಗದೆ ಕೂಸಿನ ಕಾಲು ಹಿಡಿದುಕೊಂಡು ಕೂತೆ.

ಸಂಜೆ ಅಪ್ಪ ಹಾಳೆ ಮಗುಚಿ ಬೆಳ್ಳಿ ಮೈ ಮೇಲೆ ಮಾಡಿದರು. ಹಿಂದಿನ ಮನೆಗೆ ಹೋಗಿ, ಮಳೆಗಾಲದ ಮೊದಲು ಸೋರುವ ಮೂಲೆ ರಿಪೇರಿ ಮಾಡಿಸಿ ಹಾಳೆ ತೆಗೆಸುತ್ತೇನೆ, ಅಲ್ಲಿಯವರೆಗೆ ತಡೆದುಕೊಳ್ಳಿ ಎಂದು ಕೇಳಿಕೊಂಡು ಬಂದರು. ಆ ಮನೆಯವರು ಮಧ್ಯಾಹ್ನ ಯಾರು ಆ ಕಡೆ ನೋಡುತ್ತಾರೆ ಎಂದು ನಕ್ಕರಂತೆ.

ಇನ್ನು ಉಳಿದದ್ದು ಗವಾಕ್ಷಿ. ಅವ್ವನನ್ನು ಗೆರೆಗಳ ಮುಂದೆ ಕೂರಿಸಿದೆ, ಈ ಸಲ ಆರೋಪ ಹೊರಿಸಲಿಕ್ಕಲ್ಲ. ಹಗಲು ಹೊರಗಿನ ಗೆರೆ ಮೇಲಿರುತ್ತದೆ, ಆಗ ತೆರೆದರೆ ಬಿಸಿಗಾಳಿಯೇ ಒಳಗೆ. ಹೊತ್ತು ಮುಳುಗಿದ ಮೇಲೆ ಅದು ಇಳಿದು ಒಳಗಿನ ಗೆರೆಯನ್ನು ದಾಟಿ ಕೆಳಗೆ ಹೋಗುತ್ತದೆ. ಅಲ್ಲಿಂದ ಬೆಳಗಿನವರೆಗೆ ತೆರೆದಿಟ್ಟರೆ ಸೂರಿನ ಹತ್ತಿರ ಕೂಡಿದ ಬಿಸಿ ಹೊರಗೆ ಹೋಗುತ್ತದೆ, ಗವಾಕ್ಷಿ ಅಷ್ಟು ಎತ್ತರದಲ್ಲಿರುವುದರಿಂದ ಗಾಳಿ ನೇರ ನಮಗೆ ಬಡಿಯುವುದಿಲ್ಲ ಎಂದು ವಿವರಿಸಿದೆ. ಅವ್ವ ಎರಡು ಗೆರೆ ಕೂಡುವ ಜಾಗದ ಮೇಲೆ ಬೆರಳಿಟ್ಟಳು. ಇದು ದಾಟಿದ ಮೇಲೆ ತೆಗೆಯಬೇಕು, ಬಿಸಿಲೇರುವ ಮೊದಲು ಮುಚ್ಚಬೇಕು, ಅಷ್ಟೇ ಅಲ್ಲವೇ ಎಂದು ಕೇಳಿದಳು. ರಟ್ಟನ್ನು ತಾನೇ ಕೀಳಿಸಿದಳು. ಅವತ್ತಿನಿಂದ ಸಂಜೆಯಾಯಿತೆಂದರೆ ಗೆರೆ ದಾಟಿತೇ ಎಂದು ನನ್ನನ್ನು ಕೇಳುವುದು ಅವಳ ಕೆಲಸವಾಯಿತು.

ಮರುದಿನ ಅಮಾವಾಸ್ಯೆ. ಸಂಜೆ ಲ್ಯಾಪ್‌ಟಾಪಿನ ಮುಂದೆ ಮೂವರೂ ಕೂತೆವು, ಕೂಸು ಅವ್ವನ ತೊಡೆಯ ಮೇಲೆ. ಸೂರಿನ ಗೆರೆ ಮೂವತ್ತಾರರ ಹತ್ತಿರ ಸೋತು ಮಲಗಿತು. ಎಂಟು ಗಂಟೆಗೆ ಕೋಣೆ ಮೂವತ್ತೆರಡು. ಕೂಸು ಹಾಲು ಕುಡಿದಳು, ಪೂರ್ತಿ ಕುಡಿದಳು. ಕುಡಿಯುತ್ತಲೇ ನಿದ್ದೆ ಹೋದಳು. ಬಾಯಿ ಅರ್ಧ ತೆರೆದು, ಗದ್ದದ ಮೇಲೆ ಹಾಲಿನ ಹನಿ ಇಟ್ಟುಕೊಂಡು ಮಲಗಿದ ಅವಳನ್ನು ನೋಡುತ್ತ ನನಗೆ ಅಳು ಬಂತು. ಅದೆಷ್ಟು ಸಂಜೆಗಳ ಭಯ ಒಳಗೆ ಕೂತಿತ್ತು ಎನ್ನುವುದು ಆಗಲೇ ನನಗೆ ಗೊತ್ತಾದದ್ದು.

ಆದರೂ ಅತ್ತೆ ಬರುವುದಿತ್ತು. ಹೇಳಿದಂತೆ ಮರುದಿನ ಬಂದರು, ಬೇಕೆಂದೇ ಸಂಜೆ ಬಂದರು. ಬಂದವರು ನೇರ ಕೋಣೆಗೆ ಹೋಗಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮಂಚದ ಮೇಲೆ ಕೂತರು. ದೀಪ ಹಚ್ಚುವ ಹೊತ್ತಾಯಿತು. ಅವ್ವ ಚಹಾ ಕೊಟ್ಟು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು, ಪರೀಕ್ಷೆಗೆ ನಿಂತ ಹುಡುಗಿಯ ಹಾಗೆ. ಶೆಗಡಿ ಹಿತ್ತಲಲ್ಲಿ ಬೋರಲಾಗಿಯೇ ಇತ್ತು. ಅಪ್ಪ ಪಡಸಾಲೆಯಲ್ಲಿ ಕೆಮ್ಮಿಲ್ಲದೆ ಕೆಮ್ಮಿದರು. ಅತ್ತೆ ಊರಿನ ಸುದ್ದಿ ಹೇಳಿದರು, ಕಾರಟಗಿಯ ನೆಂಟರ ಮದುವೆಯ ಸುದ್ದಿ ಹೇಳಿದರು. ಏಳಾಯಿತು, ಎಂಟಾಯಿತು. ಗವಾಕ್ಷಿಯಿಂದ ತಣ್ಣನೆಯ ಗಾಳಿ ಇಳಿಯುತ್ತಿತ್ತು. ಅತ್ತೆ ಮಾತಿನ ನಡುವೆ ತಮಗೇ ಗೊತ್ತಿಲ್ಲದಂತೆ ಸೆರಗನ್ನು ಹೆಗಲ ತುಂಬ ಹೊದ್ದುಕೊಂಡರು. ಕೂಸಿನ ಪಾದ ಮುಟ್ಟಿ ನೋಡಿ ಅದರ ಮೇಲೆ ಅರಿವೆ ಎಳೆದರು.

"ಕ್ವಾಣಿ ತಂಪ ಐತ್ಯಲ್ಲರಿ ಅಕ್ಕಾರ" ಎಂದರು ಅವ್ವನಿಗೆ, ದೂರುವ ದನಿಯಲ್ಲಿ. "ಬಾಣಂತಿಗೆ ಕೆಂಡಾ ಹಾಕಂಗಿಲ್ಲೇನು ನೀವು?"

ಅವ್ವ ನನ್ನ ಮುಖ ನೋಡಿದಳು. ನಾನು ಸೆರಗಿನಲ್ಲಿ ಮುಖ ಹುದುಗಿಸಿ ನಗು ತಡೆದೆ. ಅವ್ವನ ಕಣ್ಣು ತುಂಬಿದ್ದವು. "ಹಾಕ್ತೀನ್ರೀ" ಎಂದು ಹಿತ್ತಲಿಗೆ ಹೋದಳು. ಡಾಕ್ಟರ ಮಾತು ಮರೆಯದೆ, ಹೊಗೆ ಅಡಗಿ ಬೂದಿ ಹಿಡಿದ ಕೆಂಡ ಆರಿಸಿ, ಶೆಗಡಿಯನ್ನು ಬಾಗಿಲ ಹೊರಗೇ ಇಟ್ಟು, ಅಂಗೈ ಕಾಸಿಕೊಂಡು ಬಂದು ಮೊಮ್ಮಗಳ ಹೊಟ್ಟೆ ಮುಟ್ಟಿದಳು. ಅತ್ತೆ ನೋಡುತ್ತಿದ್ದರು. ಮಲಗುವ ಮೊದಲು, ಐದು ತಿಂಗಳು ಮುಗಿಸಿಯೇ ಕಳಿಸಿರಿ, ಇಷ್ಟು ಚೆನ್ನಾಗಿ ನೋಡಿಕೊಳ್ಳುವವರ ಕೈಯಿಂದ ನಾನ್ಯಾಕೆ ಕಿತ್ತುಕೊಳ್ಳಲಿ ಎಂದರು.

ಅತ್ತೆ ಗಂಗಾವತಿಯ ಬಸ್ಸು ಹತ್ತಿದ ಮೇಲೆ ಅವ್ವ ಬಂದು ನನ್ನ ಪಕ್ಕದಲ್ಲಿ ಕೂತಳು. ನಿನ್ನೆಯ ಗೆರೆ ತೆಗೆ ಎಂದಳು. ತೆಗೆದೆ. ಎಂಟು ಗಂಟೆ ದಾಟಿದಲ್ಲಿ, ಇಳಿಯುತ್ತಿದ್ದ ಗೆರೆಯ ಮೇಲೆ ಒಂದು ಸಣ್ಣ ಗುಬುಟಿತ್ತು.

"ನಂದು ಎಷ್ಟ ಏರಿಸೇತಿ?" ಎಂದು ಕೇಳಿದಳು.

"ಕಾಲು ಡಿಗ್ರಿನೂ ಇಲ್ಲಬೇ."

"ಅಷ್ಟ ಸಾಕು" ಎಂದಳು ಅವ್ವ.